ಬಸ್ ಸ್ಟ್ಯಾಂಡಿನಿಂದ ಶುರುವಾಗುವ ಪತ್ತೇದಾರಿ ಧಾರಾವಾಹಿ: ಮೊದಲ ಕಂತು ಕಟ್ಟುವುದು ಹೇಗೆ?

"ನಮ್ಮೂರಿನ ಬಸ್ ಸ್ಟ್ಯಾಂಡನ್ನೇ ಇಟ್ಟುಕೊಂಡು ಪತ್ತೇದಾರಿ ಧಾರಾವಾಹಿ ಬರೀಬೇಕು ಅಂತಿದ್ದೇನೆ. ಮೊದಲ ಕಂತು ಹೇಗೆ ಶುರು ಮಾಡಲಿ?" ಈ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಕೇಳಿದವರಲ್ಲಿ ಜಾಸ್ತಿ ಜನ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆಯವರು. ಅವರು ಕಳಿಸಿದ ಮೊದಲ ಕಂತುಗಳಲ್ಲಿ ಮಳೆ ಚೆನ್ನಾಗಿ ಸುರಿಯುತ್ತದೆ, ಮಂಜು ಕವಿಯುತ್ತದೆ, ಒಬ್ಬ ಅಪರಿಚಿತ ಇಳಿಯುತ್ತಾನೆ. ಆದರೆ ಬಸ್ಸು ಎಷ್ಟು ಗಂಟೆಗೆ ಬಂತು, ಎಲ್ಲಿಂದ ಬಂತು, ಅದರಲ್ಲಿ ಇನ್ನು ಯಾರಿದ್ದರು ಎಂದು ಕೇಳಿದರೆ ಬರೆದವರಿಗೇ ಗೊತ್ತಿರುವುದಿಲ್ಲ. ಬಸ್ ಸ್ಟ್ಯಾಂಡಿನ ಕತೆಗೆ ಜೀವ ಇರುವುದೇ ಆ ಉತ್ತರಗಳಲ್ಲಿ.

ಧಾರಾವಾಹಿಗೆ ಇನ್ನೊಂದು ಕಷ್ಟವಿದೆ. ಕಾದಂಬರಿಯಾದರೆ ಕೊನೆಯ ಅಧ್ಯಾಯ ಬರೆದು, ಹಿಂದಕ್ಕೆ ಹೋಗಿ ಮೊದಲ ಅಧ್ಯಾಯ ತಿದ್ದಬಹುದು. ಧಾರಾವಾಹಿಯ ಮೊದಲ ಕಂತು ಓದುಗರ ಕೈ ಸೇರಿದ ಮೇಲೆ ಒಂದು ಗಂಟೆಯನ್ನೂ ಬದಲಿಸಲಾಗುವುದಿಲ್ಲ. ಅದಕ್ಕೇ ಇಲ್ಲಿ ಒಂದೇ ಕತೆಯನ್ನು ಉದಾಹರಣೆಗೆ ಹಿಡಿದುಕೊಂಡು, ಮೊದಲ ಕಂತನ್ನು ಹಂತ ಹಂತವಾಗಿ ಕಟ್ಟಿ ತೋರಿಸುತ್ತೇನೆ. ಊರು, ಜನ ಎಲ್ಲ ಕಲ್ಪನೆ. ಪೇಟೆಯ ಹೆಸರು ನೀರುಕೊಪ್ಪ ಎಂದಿಟ್ಟುಕೊಳ್ಳೋಣ, ತೀರ್ಥಹಳ್ಳಿಯಿಂದ ಆಚೆಗೆ ಎಲ್ಲೋ ಒಂದು ಕಡೆ. ಸುತ್ತಲಿನ ದೊಡ್ಡ ಊರುಗಳು ನಿಜವಾದವೇ ಇರಲಿ, ಘಟನೆ ನಡೆಯುವ ಪೇಟೆ ಮಾತ್ರ ಕಟ್ಟಿದ್ದಾಗಿರಲಿ. ಆಗ ನಿಜವಾದ ಯಾವ ಅಂಗಡಿಯವರಿಗೂ, ಯಾವ ಕಂಡಕ್ಟರಿಗೂ ನಿಮ್ಮ ಕತೆಯಿಂದ ನೋವಾಗುವುದಿಲ್ಲ.

ಮೊದಲು ಬೇಕಾಗುವುದು

ಎರಡು ಹಾಳೆ ಸಾಕು. ಒಂದರಲ್ಲಿ ಕತೆಯ ಉತ್ತರ, ಇನ್ನೊಂದರಲ್ಲಿ ಬಸ್ಸಿನ ವೇಳೆ. ಇವೆರಡೂ ಓದುಗರಿಗಲ್ಲ, ನಿಮಗೆ. ಕಂತಿನ ಉದ್ದ ಸುಮಾರು 1200ರಿಂದ 1500 ಪದ ಇದ್ದರೆ ಚೆನ್ನ. ಅದಕ್ಕಿಂತ ಜಾಸ್ತಿಯಾದರೆ ಮೊದಲ ಕಂತಿನಲ್ಲೇ ಎಲ್ಲ ಪಾತ್ರಗಳನ್ನೂ ತುರುಕುವ ಆಸೆ ಹುಟ್ಟುತ್ತದೆ.

1. ಉತ್ತರವನ್ನು ಮೊದಲೇ ಬರೆದಿಡಿ

"ಬರೀತಾ ಹೋದಂಗೆ ಕತೆ ತಾನೇ ದಾರಿ ಹುಡುಕಿಕೊಳ್ಳುತ್ತೆ" ಎನ್ನುವವರಿದ್ದಾರೆ. ಬೇರೆ ಬಗೆಯ ಧಾರಾವಾಹಿಗೆ ಅದು ನಡೆಯಬಹುದು. ಪತ್ತೇದಾರಿಗೆ ನಡೆಯುವುದಿಲ್ಲ. ಮೊದಲ ಕಂತಿನಲ್ಲಿ ಸುಳಿವು ಇಡಬೇಕಾದರೆ, ಅದು ಯಾವುದರ ಸುಳಿವು ಎಂದು ನಿಮಗೆ ಗೊತ್ತಿರಬೇಕಲ್ವಾ?

ನಮ್ಮ ಕತೆಯ ಉತ್ತರ ಹೀಗಿದೆ. ಶೇಷಪ್ಪ ನೀರುಕೊಪ್ಪದ ಸಹಕಾರ ಸಂಘದ ಗುಮಾಸ್ತ. ಗೋಡೌನಿನ ಕೀಲಿ ಅವನ ಹತ್ತಿರ ಇರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ದ್ರಾವಣಕ್ಕೆ ಬೇಕಾದ ಮೈಲುತುತ್ತದ ಚೀಲಗಳು ಪುಸ್ತಕದಲ್ಲಿ ಬರೆದಿರುವಷ್ಟು ಗೋಡೌನಿನಲ್ಲಿ ಇಲ್ಲ ಎಂದು ಅವನಿಗೆ ತಿಳಿಯುತ್ತದೆ. ಎಲ್ಲ ಸರಿಯಿದೆ ಎಂದು ಸಹಿ ಹಾಕಲು ಮೇಲಿನವರು ಒತ್ತಾಯ ಮಾಡುತ್ತಾರೆ. ಗುರುವಾರ ಲೆಕ್ಕ ಪರಿಶೋಧಕರು ಬರುವವರೆಗೆ ಯಾರ ಕೈಗೂ ಸಿಗಬಾರದು ಎಂದು ಅವನು ಸೋಮವಾರ ರಾತ್ರಿ ಹಾಲ್ಟಿಂಗ್ ಬಸ್ ಹತ್ತಿ, ಕೊನೆಯ ಊರಾದ ಬಿದಿರುಗದ್ದೆಯ ಒಂದು ಮನೆಯಲ್ಲಿ ಅಡಗುತ್ತಾನೆ. ಕಂಡಕ್ಟರ್ ಮಂಜನಿಗೂ ಡ್ರೈವರಿಗೂ ಇದು ಗೊತ್ತು. ಮಳೆಗೆ ಮೂರು ದಿನದಿಂದ ಕರೆಂಟಿಲ್ಲ, ಟವರ್ ಸತ್ತಿದೆ, ಫೋನ್ ಹೋಗುವುದಿಲ್ಲ. ಹಾಗಾಗಿ ಹೆಂಡತಿಗೆ ಅವನು ಮೊದಲೇ ಹೇಳಿಟ್ಟಿದ್ದಾನೆ: "ನಾನು ಸುಖವಾಗಿ ಮುಟ್ಟಿದರೆ ಬೆಳಿಗ್ಗೆ ಬಸ್ಸಿನಲ್ಲಿ ನನ್ನ ಕೊಡೆ ಬರ್ತದೆ."

ಇಷ್ಟೇ. ಕೊಲೆಯಿಲ್ಲ. ಮೊದಲ ಕಂತಿಗೆ ಹೆಣ ಬೇಕೇ ಬೇಕು ಎಂದೇನೂ ಇಲ್ಲ. ಸಣ್ಣ ಪೇಟೆಯಲ್ಲಿ ಒಬ್ಬ ಮನುಷ್ಯ ಬರಬೇಕಾದ ಬಸ್ಸಿನಲ್ಲಿ ಬರಲಿಲ್ಲ ಎಂದರೆ ಸಾಕು, ಹೋಟೆಲಿನಿಂದ ಕಟಿಂಗ್ ಶಾಪಿನವರೆಗೆ ಅದೇ ಮಾತಾಗುತ್ತದೆ.

2. ಬಸ್ಸಿನ ವೇಳೆಪಟ್ಟಿ ಹಾಕಿ, ಅದರಲ್ಲಿ ತೂತು ಹುಡುಕಿ

ಹೊರಗಿನ ಓದುಗರಿಗಾಗಿ ಒಂದು ಮಾತು. ಹಾಲ್ಟಿಂಗ್ ಬಸ್ ಅಂದರೆ ರಾತ್ರಿ ಕೊನೆಯ ಹಳ್ಳಿಗೆ ಹೋಗಿ, ಅಲ್ಲೇ ನಿಂತು, ಬೆಳಿಗ್ಗೆ ಮೊದಲ ಟ್ರಿಪ್ ಆಗಿ ಪೇಟೆಗೆ ವಾಪಸ್ ಬರುವ ಬಸ್ಸು. ಡ್ರೈವರ್ ಕಂಡಕ್ಟರ್ ಅಲ್ಲೇ ಯಾರದೋ ಮನೆಯಲ್ಲಿ ಊಟ ಮಾಡಿ ಬಸ್ಸಿನಲ್ಲೋ ಜಗಲಿಯಲ್ಲೋ ಮಲಗುತ್ತಾರೆ. ರಾತ್ರಿಯಿಡೀ ಆ ಬಸ್ಸು ಎಲ್ಲಿತ್ತು, ಅದರ ಹತ್ತಿರ ಯಾರಿದ್ದರು ಎನ್ನುವುದಕ್ಕೆ ಬೆರಳೆಣಿಕೆಯ ಸಾಕ್ಷಿಗಳು. ಪತ್ತೇದಾರಿ ಕತೆಗೆ ಇದಕ್ಕಿಂತ ಒಳ್ಳೆಯ ಜಾಗ ಮಲೆನಾಡಿನಲ್ಲಿ ಸಿಗುವುದು ಕಷ್ಟ.

ನಮ್ಮ ಪಟ್ಟಿ ಹೀಗಿದೆ:

ಸಂಜೆ 7.15 – ನೀರುಕೊಪ್ಪ ಬಿಡುತ್ತದೆ
7.50 – ಕೈಮರ
8.30 – ಬಿದಿರುಗದ್ದೆ, ಹಾಲ್ಟ್
ಬೆಳಿಗ್ಗೆ 6.15 – ಬಿದಿರುಗದ್ದೆ ಬಿಡುತ್ತದೆ
6.55 – ಕೈಮರ
7.30 – ನೀರುಕೊಪ್ಪ

ಕೈಮರ ಎಂದರೆ ದಾರಿಗಳು ಒಡೆಯುವ ಕಡೆ ಊರಿನ ಹೆಸರು ಬರೆದು ನಿಲ್ಲಿಸಿದ ಕಂಬ. ಆ ಜಾಗಕ್ಕೇ ಕೈಮರ ಎಂಬ ಹೆಸರು ನಿಂತುಬಿಡುತ್ತದೆ. ಶೇಷಪ್ಪ ಕೈಮರದ ಹತ್ತಿರದ ನೆಂಟರ ಮನೆಗೆ ಹೋಗಿ ಬೆಳಿಗ್ಗೆ ಬರುತ್ತೇನೆ ಎಂದು ಎಲ್ಲರಿಗೂ ಹೇಳಿದ್ದಾನೆ. ಮಂಜ ಬೆಳಿಗ್ಗೆ ಬಂದು ಹೇಳುವ ಸುಳ್ಳು ಇದು: "ರಾತ್ರಿ ಕೈಮರದಲ್ಲೇ ಇಳಿದ್ರು. ಕೊಡೆ ಸೀಟಲ್ಲೇ ಮರ್ತಿದ್ರು. ಬೆಳಿಗ್ಗೆ ಅಲ್ಲಿ ಹತ್ತಲಿಲ್ಲ."

ಈಗ ಪಟ್ಟಿಯನ್ನು ಮುಂದಿಟ್ಟುಕೊಂಡು ಅನುಮಾನದ ಓದುಗರಂತೆ ಪ್ರಶ್ನೆ ಹಾಕಿ. 7.50ರಿಂದ 8.30ರವರೆಗೆ ಬಸ್ಸಿನಲ್ಲಿ ಬೇರೆ ಯಾರೂ ಇರಲಿಲ್ಲವೇ? ಇದ್ದರೆ "ಇಲ್ಲ ಮಾರಾಯ್ರೆ, ಶೇಷಪ್ಪನೋರು ನಮ್ಮ ಜೊತೆಗೇ ಬಿದಿರುಗದ್ದೆಗೆ ಬಂದ್ರಲ್ಲ" ಎಂದು ಒಬ್ಬರು ಹೇಳಿಬಿಟ್ಟರೂ ಕತೆ ಮುಗಿಯಿತು. ಇದು ನಿಜವಾದ ತೂತು. ಇಂಥದ್ದು ವೇಳೆಪಟ್ಟಿ ಬರೆಯದೆ ಕಣ್ಣಿಗೆ ಬೀಳುವುದೇ ಇಲ್ಲ.

ಅದನ್ನು ಮುಚ್ಚುವ ದಾರಿಯನ್ನು ಆ ಊರಿನ ಒಳಗಿನಿಂದಲೇ ತೆಗೆಯಬೇಕು. ಹಾಲ್ಟಿಂಗ್ ಬಸ್ಸಿನಲ್ಲಿ ಕೊನೆಯವರೆಗೆ ಹೋಗುವವರು ಯಾರು? ಪೇಟೆಯ ಕಾಲೇಜಿಗೆ ಬರುವ ಮಕ್ಕಳು, ಸಂತೆ ಮುಗಿಸಿ ಹೋಗುವವರು, ಆಸ್ಪತ್ರೆಗೆ ಬಂದವರು. ಜುಲೈ ತಿಂಗಳಲ್ಲಿ ಮಳೆ ಜಾಸ್ತಿಯಾದಾಗ ಜಿಲ್ಲಾಧಿಕಾರಿಗಳು ಶಾಲೆ ಕಾಲೇಜಿಗೆ ರಜೆ ಕೊಡುತ್ತಾರೆ. ಸೋಮವಾರ ರಜೆ ಇತ್ತು, ಸಂತೆಯ ದಿನವೂ ಅಲ್ಲ. ಹಾಗಾಗಿ ಕೈಮರ ದಾಟಿದ ಮೇಲೆ ಬಸ್ಸು ಖಾಲಿ. ಮೊದಲ ಕಂತಿನಲ್ಲಿ ಹೋಟೆಲಿನವರು "ಇವತ್ತೂ ರಜೆಯಂತೆ ಮಕ್ಕಳಿಗೆ" ಎಂದು ಒಂದು ಮಾತು ಹೇಳಿದರೆ ಸಾಕು. ಆಗ ಅದು ಬರೀ ಮಳೆಯ ಮಾತು. ನಾಲ್ಕನೇ ಕಂತಿನಲ್ಲಿ ಓದುಗರಿಗೆ ಅದರ ಅರ್ಥ ಹೊಳೆಯುತ್ತದೆ.

ಇದೇ ಪಟ್ಟಿ ಇನ್ನೊಂದನ್ನೂ ತೋರಿಸಿಕೊಡುತ್ತದೆ. ಮಂಜನೊಬ್ಬನೇ ಸುಳ್ಳು ಹೇಳಿದರೆ ಸಾಲದು, ಡ್ರೈವರೂ ಅದನ್ನೇ ಹೇಳಬೇಕು. ಇಬ್ಬರು ಒಂದೇ ಸುಳ್ಳು ಹೇಳುವಾಗ ಸಣ್ಣ ವಿವರ ಎಲ್ಲೋ ತಪ್ಪುತ್ತದೆ. ಎರಡನೇ ಕಂತಿಗೆ ಅದನ್ನು ಎತ್ತಿಡಿ.

3. ವರ್ಷ, ತಿಂಗಳು ಗಟ್ಟಿ ಮಾಡಿಕೊಳ್ಳಿ

"ಒಂದು ಮಳೆಗಾಲದ ದಿನ" ಎಂದು ಬರೆದರೆ ಸಾಕು ಎಂದುಕೊಳ್ಳಬೇಡಿ. ಓದುಗರಿಗೆ ವರ್ಷ ಹೇಳದಿದ್ದರೂ ನಿಮ್ಮ ಹಾಳೆಯಲ್ಲಿ ಅದು ಇರಲೇಬೇಕು, ಏಕೆಂದರೆ ಮಲೆನಾಡಿನ ಓಡಾಟ ಕಳೆದ ಕೆಲವು ವರ್ಷಗಳಲ್ಲಿ ಬಹಳ ಬದಲಾಗಿದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಅಲ್ಲಿ ಅವರಿಗೂ ಶೂನ್ಯ ಮೊತ್ತದ ಟಿಕೆಟ್ ಕೊಡುತ್ತಾರೆ. ಅಂದರೆ ಹೆಂಗಸೊಬ್ಬಳು ಎಲ್ಲಿಂದ ಎಲ್ಲಿಗೆ ಹೋದಳು ಎಂಬುದಕ್ಕೆ ಚೀಟಿ ಉಳಿಯುತ್ತದೆ. ಖಾಸಗಿ ಬಸ್ಸಿಗೆ ಈ ಯೋಜನೆ ಇಲ್ಲ. ದಿನಾ ಬರುವ ಮುಖಗಳಿಗೆ ಕಂಡಕ್ಟರ್ ಟಿಕೆಟ್ ಹರಿಯದೇ ದುಡ್ಡು ತೆಗೆದುಕೊಳ್ಳುವುದೂ ಉಂಟು. ನಮ್ಮ ಕತೆಯಲ್ಲಿ ಶೇಷಪ್ಪ ಎಲ್ಲಿ ಇಳಿದ ಎಂಬುದಕ್ಕೆ ಕಾಗದದ ಸಾಕ್ಷಿ ಇರಬಾರದು. ಹಾಗಾಗಿ ಬಸ್ಸು ಖಾಸಗಿಯದಾಗಿರಬೇಕು. ಸುಮ್ನೆ "ಕೆಂಪು ಬಸ್ಸು" ಎಂದು ಬರೆದಿದ್ದರೆ ಟಿಕೆಟ್ ಮೆಷಿನ್ನು ಮೊದಲ ಕಂತಿನಲ್ಲೇ ಗುಟ್ಟು ಬಿಟ್ಟುಕೊಡುತ್ತಿತ್ತು.

ಸಾಗರದ ಕಡೆ ಬರೆಯುವವರಿಗೆ ಇನ್ನೂ ಎಚ್ಚರ ಬೇಕು. ಶರಾವತಿ ಹಿನ್ನೀರಿನ ಲಾಂಚ್ ದಿನದ ಓಡಾಟ ಮುಗಿಸಿ ನಿಂತ ಮೇಲೆ ಆಚೆ ದಡಕ್ಕೆ ಹೋಗಲಾಗುವುದಿಲ್ಲ ಎನ್ನುವುದು ಒಂದು ಕಾಲಕ್ಕೆ ಗಟ್ಟಿಯಾದ ಅಲಿಬಿಯಾಗಿತ್ತು. ಅಲಿಬಿ ಎಂದರೆ, ಘಟನೆ ನಡೆದ ಹೊತ್ತಿಗೆ ತಾನು ಬೇರೆ ಕಡೆ ಇದ್ದೆ ಎನ್ನಲು ಆರೋಪಿ ತೋರಿಸುವ ಆಧಾರ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಆ ಅಲಿಬಿ ನಡೆಯುವುದಿಲ್ಲ. ಕೊಪ್ಪ, ಶೃಂಗೇರಿಯ ಕಡೆಯ ಹಳೆಯ ಕತೆಯಾದರೆ 1991ರಲ್ಲಿ ಶುರುವಾದ ಸಹಕಾರ ಸಾರಿಗೆಯ ಬಸ್ಸುಗಳು ಓಡಾಡಲಿ. ಆದರೆ 2020ರಲ್ಲಿ ಅವು ನಿಂತವು ಎನ್ನುವುದು ನೆನಪಿರಲಿ.

ಪೊಲೀಸರು ಬರುವ ಕತೆಯಾದರೆ ದಿನಾಂಕ ಇನ್ನಷ್ಟು ಮುಖ್ಯ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆ ದಿನದ ನಂತರ ನಡೆದ ಕೊಲೆಗೆ ಹಾಕುವುದು 103ನೇ ಸೆಕ್ಷನ್. ಅಲ್ಲಿ ಇನ್ಸ್‌ಪೆಕ್ಟರ್ ಬಾಯಲ್ಲಿ "302 ಹಾಕ್ತೀನಿ" ಎಂದು ಬಂದರೆ ತಿಳಿದವರು ಅಲ್ಲೇ ಕತೆ ಕೆಳಗಿಡುತ್ತಾರೆ. ಇನ್ನು, ಕಾಣೆಯಾದವರ ಬಗ್ಗೆ ದೂರು ಕೊಡಲು "24 ಗಂಟೆ ಆಗ್ಲಿ" ಎಂದು ಕಾಯಬೇಕಾದ ಕಾನೂನೇ ಇಲ್ಲ. ಸಿನಿಮಾದಿಂದ ಬಂದ ಈ ನಂಬಿಕೆಯ ಮೇಲೆ ಕತೆ ನಿಲ್ಲಿಸಬೇಡಿ. ಶೇಷಪ್ಪನ ಹೆಂಡತಿ ಸ್ಟೇಷನ್ನಿಗೆ ಹೋಗಲಿಲ್ಲ ಎಂದರೆ ಅದಕ್ಕೆ ಅವಳದೇ ಕಾರಣ ಇರಬೇಕು. ನಮ್ಮ ಕತೆಯಲ್ಲಿ ಇದೆ.

ತಿಂಗಳು ಯಾಕೆ ಜುಲೈ? ಅಡಿಕೆಗೆ ಕೊಳೆರೋಗ ಬರುವ ಕಾಲ ಅದು. ಮಳೆ ಹಿಡಿಯುವ ಮುಂಚೆ ಒಂದು ಸಲ, ಆಮೇಲೆ ಸುಮಾರು 40-45 ದಿನಕ್ಕೆ ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೆಯಬೇಕು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ಸ್ವಲ್ಪ ಬಿಟ್ಟ ಹೊತ್ತಿಗೆ ಕೊನೆಗಾರ ಮರ ಹತ್ತಬೇಕು. ಅವತ್ತು ಗೋಡೌನ್ ಕೀಲಿ ಸಿಗದಿದ್ದರೆ ಕೈಗೆ ಬಂದ ಫಸಲು ಉದುರಿಹೋಗುತ್ತದೆ. ಹಾಗಾಗಿ ಶೇಷಪ್ಪ ಬರಲಿಲ್ಲ ಎನ್ನುವುದು ಅವನ ಮನೆಯವರ ಚಿಂತೆಯಷ್ಟೇ ಅಲ್ಲ, ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುವ ಹತ್ತು ಬೆಳೆಗಾರರ ಸಿಟ್ಟೂ ಹೌದು. ಅದೇ ಕತೆಯನ್ನು ಜನವರಿಗೆ ತಂದಿಟ್ಟರೆ ಯಾರಿಗೂ ಅವಸರವಿಲ್ಲ.

4. ಯಾರ ಕಣ್ಣಿನಿಂದ ನೋಡುತ್ತೀರಿ?

ಮೊದಲ ಕಂತಿಗೆ ಒಂದೇ ಜೋಡಿ ಕಣ್ಣು ಸಾಕು. ಕಂಡಕ್ಟರ್ ಆಗಲಾರ, ಅವನಿಗೆ ಗುಟ್ಟು ಗೊತ್ತು. ಗುಟ್ಟು ಗೊತ್ತಿರುವವನ ಮನಸ್ಸಿನೊಳಗೆ ಹೋಗಿ, ಅದೊಂದನ್ನು ಮಾತ್ರ ಓದುಗರಿಂದ ಮುಚ್ಚಿಟ್ಟರೆ ಅದು ಮೋಸ. ಹೆಂಡತಿಯೂ ಆಗಲಾರಳು, ಅದೇ ಕಾರಣಕ್ಕೆ. ಉಳಿಯುವವನು ಬಸ್ ಏಜೆಂಟ್ ರಾಮಣ್ಣ.

ಏಜೆಂಟ್ ಎಂದರೆ ಖಾಸಗಿ ಬಸ್ಸುಗಳಿಗೆ ಸ್ಟ್ಯಾಂಡಿನಲ್ಲಿ ಜನ ಕೂಗಿ ಹತ್ತಿಸುವವನು. ಯಾವ ಬಸ್ಸು ಎಷ್ಟು ನಿಮಿಷ ತಡ, ಯಾರು ಯಾವ ಬಸ್ಸಿಗೆ ಕಾಯುತ್ತಾರೆ, ಯಾರ ಪಾರ್ಸೆಲ್ ಬರಬೇಕು, ಯಾರ ಮನೆಗೆ ಔಷಧಿ ಹೋಗಬೇಕು ಎಲ್ಲ ಅವನಿಗೆ ಬಾಯಿಪಾಠ. ಕೆಲಸವೇ ಗಮನಿಸುವುದು. ಹಾಗಾಗಿ ಅವನು ಪತ್ತೇದಾರನಂತೆ ನೋಡಿದರೆ ಓದುಗರಿಗೆ ಯಾಕೆ ಎಂಬ ಪ್ರಶ್ನೆ ಬರುವುದಿಲ್ಲ. ಬೆಂಗಳೂರಿನಿಂದ ರಜೆಗೆ ಬಂದ ಬುದ್ಧಿವಂತ ಯುವಕನನ್ನು ಪತ್ತೇದಾರ ಮಾಡುವ ಆಸೆ ತುಂಬಾ ಜನರಿಗೆ ಇರುತ್ತದೆ. ಅವನಿಗೆ ಈ ಸ್ಟ್ಯಾಂಡಿನಲ್ಲಿ ಯಾವುದು ಸಹಜ, ಯಾವುದು ಅಲ್ಲ ಎಂಬುದೇ ತಿಳಿಯುವುದಿಲ್ಲ.

ಮಾತಿನ ವಿಷಯಕ್ಕೆ ಒಂದು ಎಚ್ಚರಿಕೆ. "ಎಂತ ಮಾರಾಯ", "ಎಂತಕ್ಕೆ" ಎನ್ನುವ ಮಾತು ನಮ್ಮ ಕಡೆ ಸಹಜ. ಆದರೆ ಸಾಲಿಗೊಂದು ಹಾಕಿದರೆ ನಾಟಕದಂತೆ ಕೇಳುತ್ತದೆ. ರಾಮಣ್ಣ ತನಗಿಂತ ಚಿಕ್ಕವನಾದ ಮಂಜನನ್ನು "ಎಂತದಾ ಮಂಜ" ಎನ್ನಲಿ, ಶೇಷಪ್ಪನ ಹೆಂಡತಿಯನ್ನು "ಸುಶೀಲಕ್ಕ" ಎನ್ನಲಿ. ಯಾರು ಯಾರನ್ನು ಹೇಗೆ ಕರೆಯುತ್ತಾರೆ ಎನ್ನುವುದರಲ್ಲೇ ಊರು ಕೇಳಿಸುತ್ತದೆ.

5. ಸುಳಿವನ್ನು ಕಣ್ಣೆದುರೇ ಇಡಿ

ಇದು ಇಡೀ ಕಂತಿನ ಮುಖ್ಯ ಕೆಲಸ. ಒಳ್ಳೆಯ ಸುಳಿವು ಓದುಗರ ಎದುರೇ ಇರಬೇಕು, ಆದರೆ ಸುಳಿವು ಎಂದು ಅನಿಸಬಾರದು. ಆಮೇಲೆ ಹಿಂದೆ ತಿರುಗಿ ನೋಡಿದಾಗ "ಅಯ್ಯೋ, ಅಲ್ಲೇ ಇತ್ತಲ್ಲ" ಎನಿಸಬೇಕು.

ನಮ್ಮ ಸುಳಿವು ಕೊಡೆ. ಮಂಜನ ಮಾತು ನಿಜವಾದರೆ ಆ ಕೊಡೆ ರಾತ್ರಿಯಿಡೀ ಬಸ್ಸಿನ ಸೀಟಿನಲ್ಲಿ ಇತ್ತು. ಸೋಮವಾರ ಸಂಜೆ ಅದು ಒದ್ದೆಯಾಗಿತ್ತು. ಜುಲೈ ತಿಂಗಳ ಮಲೆನಾಡಿನಲ್ಲಿ, ಟಾರ್ಪಾಲು ಇಳಿಬಿಟ್ಟ ಬಸ್ಸಿನೊಳಗೆ, ಒದ್ದೆ ಕೊಡೆ ಒಂದು ರಾತ್ರಿಯಲ್ಲಿ ಒಣಗುತ್ತದೆಯೇ? ಸಾಧ್ಯವೇ ಇಲ್ಲ. ಹಗ್ಗಕ್ಕೆ ಹಾಕಿದ ಪಂಚೆಯೇ ವಾರಗಟ್ಟಲೆ ಒಣಗದ ಕಾಲ ಅದು. ಒಣಗಬೇಕೆಂದರೆ ಒಲೆಯ ಮೇಲಿನ ಅಟ್ಟಕ್ಕೋ ಬಚ್ಚಲೊಲೆಯ ಪಕ್ಕಕ್ಕೋ ಹಾಕಿರಬೇಕು. ಅಂದರೆ ಕೊಡೆ ರಾತ್ರಿ ಒಂದು ಮನೆಯೊಳಗೆ ಇತ್ತು. ಬಸ್ಸು ರಾತ್ರಿ ನಿಂತದ್ದು ಬಿದಿರುಗದ್ದೆಯಲ್ಲಿ. ಉತ್ತರ ಅಲ್ಲೇ ಇದೆ.

ಈಗ "ಕೊಡೆ ಒಣಗಿತ್ತು" ಎಂದು ನೇರ ಬರೆದುಬಿಟ್ಟರೆ ಮುಗಿಯಿತು, ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಅದರ ಬದಲು ಒಣಗಿರುವುದನ್ನು ಒಂದು ಕೆಲಸದಲ್ಲಿ ಅಡಗಿಸಿ. ಮೊದಲು ಕಂತಿನ ಆರಂಭದಲ್ಲಿ, ನಿನ್ನೆ ಸಂಜೆಯನ್ನು ರಾಮಣ್ಣ ನೆನೆಯುವಾಗ:

> ಶೇಷಪ್ಪ ಮೆಟ್ಟಿಲ ಮೇಲೆ ನಿಂತು ಕೊಡೆ ಕೊಡವಿದ್ದ. ನೀರು ಹಾರಿ ರಾಮಣ್ಣನ ಕನ್ನಡಕಕ್ಕೆ ಬಿದ್ದಿತ್ತು. "ಕ್ಷಮಿಸು ಮಾರಾಯ" ಎಂದು ನಕ್ಕು ಒಳಗೆ ಹೋಗಿದ್ದ.

ಓದುಗರು ಇದನ್ನು ಶೇಷಪ್ಪನ ಸ್ವಭಾವ ತೋರಿಸುವ ಮಾತು ಎಂದುಕೊಳ್ಳುತ್ತಾರೆ. ಆಮೇಲೆ ಸುಮಾರು ಅರ್ಧ ಕಂತು ಕಳೆದ ಮೇಲೆ:

> ಪೇಪರ್ ಹುಡುಗ ಬಂಡಲು ಬಿಚ್ಚುತ್ತಿದ್ದ. ಮೇಲಿನ ನಾಲ್ಕು ಪೇಪರು ಆಗಲೇ ಒದ್ದೆ. "ಯಾರೂ ಕೊಡೆ ಇಲ್ಲಿ ಇಡ್ಬೇಡಿ ಅಂದ್ರೆ ಕೇಳೋದಿಲ್ಲ" ಎಂದು ಗೊಣಗಿದ. ಮಂಜ ಶೇಷಪ್ಪನ ಕೊಡೆಯನ್ನು ಬಂಡಲಿನ ಮೇಲೇ ಇಟ್ಟು ಬೀಡಿಗೆ ಕಡ್ಡಿ ಗೀರಿದ. "ಕೈಮರದಲ್ಲೇ ಇಳಿದ್ರು ಅಂದ್ನಲ್ಲ ರಾಮಣ್ಣ. ನಾನು ಸುಳ್ಳು ಹೇಳ್ತೀನಾ?" ರಾಮಣ್ಣ ಮಾತಾಡಲಿಲ್ಲ. ಕೊಡೆ ಎತ್ತಿಕೊಂಡು ಒಂದು ಪೇಪರ್ ಎಳೆದು ಬಿಡಿಸಿದ. ಮೊದಲ ಪುಟದಲ್ಲಿ ತುಂಗಾ ನದಿ ಉಕ್ಕಿದ ಚಿತ್ರವಿತ್ತು. ಅಕ್ಷರ ಎಲ್ಲೂ ಕದಡಿರಲಿಲ್ಲ.

ಇಲ್ಲಿ ಓದುಗರ ಗಮನ ಮಂಜನ ಮಾತಿನ ಮೇಲೆ ಇರುತ್ತದೆ, ಅವನು ಸುಳ್ಳು ಹೇಳುತ್ತಿದ್ದಾನಾ ಎಂದು. ಬೇರೆಯವರ ಕೊಡೆಯಿಂದ ಪೇಪರು ಒದ್ದೆಯಾಯಿತು, ಈ ಕೊಡೆಯಿಂದ ಆಗಲಿಲ್ಲ. ಅದನ್ನು ಹೇಳಿದ್ದೇವೆ, ಒತ್ತಿ ಹೇಳಿಲ್ಲ. ಎರಡು ತುಂಡುಗಳ ನಡುವೆ ಅಂತರ ಇರಲೇಬೇಕು. ಕೊಡವಿದ್ದು, ಒಣಗಿದ್ದು ಎರಡೂ ಅಕ್ಕಪಕ್ಕ ಬಂದರೆ ಓದುಗರು ಅಲ್ಲೇ ಕೂಡಿಸಿಬಿಡುತ್ತಾರೆ.

ದಾರಿ ತಪ್ಪಿಸುವ ಸುಳಿವು ಒಂದಿರಲಿ, ಒಂದೇ ಇರಲಿ. ಮಂಜನ ಪ್ಯಾಂಟಿನ ಕೆಳಗಂಚಿನಲ್ಲಿ ರಕ್ತದ ಕಲೆ ಇಡಿ. ಹೊರಗಿನ ಓದುಗರು ಕೊಲೆ ಎಂದುಕೊಳ್ಳುತ್ತಾರೆ. ಮಲೆನಾಡಿನವರು ಉಂಬಳ, ಅಂದರೆ ಜಿಗಣೆ, ಕಚ್ಚಿದ್ದು ಎಂದು ಸುಮ್ಮನಾಗುತ್ತಾರೆ. ಉಂಬಳ ಕಚ್ಚಿದ ಜಾಗದಲ್ಲಿ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಅದರ ಜೊಲ್ಲಿನಲ್ಲಿರುವ ಅಂಶ ಹೆಪ್ಪುಗಟ್ಟಲು ಬಿಡುವುದಿಲ್ಲ. ಹಾಗಾಗಿ ಕಚ್ಚಿದ್ದು ಸಣ್ಣದಾದರೂ ಕಲೆ ದೊಡ್ಡದು. ಇಬ್ಬರೂ ಓದುಗರು ಅರ್ಧ ದಾರಿಯಲ್ಲೇ ನಿಂತಿರುತ್ತಾರೆ. ರಾತ್ರಿ ಬಸ್ಸಿನಲ್ಲೇ ಮಲಗಿದ್ದೆ ಎನ್ನುವವನಿಗೆ ಉಂಬಳ ಹತ್ತಿದ್ದು ಎಲ್ಲಿ? ಶೇಷಪ್ಪನನ್ನು ಆ ಮನೆಗೆ ಬಿಡಲು ಅವನು ಗದ್ದೆಯಂಚಿನಲ್ಲಿ ನಡೆದು ಹೋಗಿದ್ದ. ತಪ್ಪು ದಾರಿ ತೋರಿಸಿದ್ದೂ ಕೊನೆಗೆ ಉತ್ತರಕ್ಕೇ ಸೇರುವಂತಿದ್ದರೆ ಓದುಗರಿಗೆ ಮೋಸವಾದಂತೆ ಅನಿಸುವುದಿಲ್ಲ.

6. ಮೊದಲ ಸಾಲುಗಳು

ಮಳೆಯ ವರ್ಣನೆಯಿಂದ ಶುರು ಮಾಡಬೇಡಿ. ಮಳೆ ಹೇಗೂ ಬರುತ್ತದೆ, ಕೊಡೆಯ ಮೂಲಕ, ಪೇಪರಿನ ಮೂಲಕ. ಪ್ರಶ್ನೆಯಿಂದ ಶುರು ಮಾಡಿ, ಅದೂ ಬಸ್ಸಿನ ಭಾಷೆಯಲ್ಲಿ:

> ಬಿದಿರುಗದ್ದೆಯ ಹಾಲ್ಟಿಂಗ್ ಬಸ್ಸು ಏಳೂವರೆಗೆ ಸರಿಯಾಗಿ ಬಂತು. ಶೇಷಪ್ಪ ಇಳಿಯಲಿಲ್ಲ. ಗೋಡೌನಿನ ಕೀಲಿ ಅವನ ಹತ್ತಿರ ಇತ್ತು.

ಮೂರು ಚಿಕ್ಕ ವಾಕ್ಯ. ಎಲ್ಲಿ, ಯಾವಾಗ, ಯಾರು, ಯಾಕೆ ಮುಖ್ಯ ಎಲ್ಲ ಬಂತು. ಬೆಳೆಗಾರರು ಚೀಲ ಹಿಡಿದು ನಿಂತಿರುವುದು ಮುಂದಿನ ಪ್ಯಾರಾಕ್ಕೆ ಬರಲಿ. ಶೇಷಪ್ಪನ ಹಿಂದಿನ ಕತೆ, ಸಂಘದ ಇತಿಹಾಸ, ರಾಮಣ್ಣನ ಬಾಲ್ಯ ಇವು ಯಾವುದೂ ಈ ಕಂತಿಗೆ ಬೇಡ. ಹೆಸರಿರುವ ಪಾತ್ರಗಳು ನಾಲ್ಕು ಸಾಕು: ರಾಮಣ್ಣ, ಮಂಜ, ಶೇಷಪ್ಪ, ಸುಶೀಲಕ್ಕ. ಪೇಪರ್ ಹುಡುಗ, ಹೋಟೆಲಿನವರು, ಬೆಳೆಗಾರರು ತಮ್ಮ ಕೆಲಸದಿಂದಲೇ ಗುರುತಾಗಲಿ.

7. ಕಂತನ್ನು ಎಲ್ಲಿ ನಿಲ್ಲಿಸಬೇಕು?

ವಾರ ಕಾಯಿಸಬೇಕು ಎಂದು ಬಹಳ ಜನ ಕೊನೆಯ ಸಾಲಿನಲ್ಲಿ ಕಿರುಚಾಟ ಹಾಕುತ್ತಾರೆ, ಇಲ್ಲವೇ "ಬಾಗಿಲು ತೆರೆದಾಗ ಅಲ್ಲಿ..." ಎಂದು ಚುಕ್ಕಿ ಇಡುತ್ತಾರೆ. ಮುಂದಿನ ಕಂತಿನಲ್ಲಿ ಅಲ್ಲಿ ಬೆಕ್ಕು ಇರುತ್ತದೆ. ಒಂದು ಸಲ ಹೀಗೆ ಮಾಡಿದರೆ ಓದುಗರು ನಿಮ್ಮ ಮುಂದಿನ ಯಾವ ನಿಲುಗಡೆಯನ್ನೂ ನಂಬುವುದಿಲ್ಲ.

ಕಂತು ಮುಗಿಯಬೇಕಾದದ್ದು ಪ್ರಶ್ನೆ ಬದಲಾಗುವ ಜಾಗದಲ್ಲಿ. ಶುರುವಿನಲ್ಲಿ ಪ್ರಶ್ನೆ "ಶೇಷಪ್ಪ ಎಲ್ಲಿ?" ಎಂದಿತ್ತು. ಕೊನೆಯಲ್ಲಿ ಅದು "ಇವರಿಗೆಲ್ಲ ಏನು ಗೊತ್ತು?" ಎಂದಾಗಬೇಕು. ಹೀಗೆ ಮಾಡೋಣ. ರಾಮಣ್ಣ ಕೊಡೆಯನ್ನು ತನ್ನ ಟೇಬಲ್ಲಿನ ಹಿಂದೆ ಇಟ್ಟಿದ್ದಾನೆ. ಸುಶೀಲಕ್ಕನಿಗೆ ಸುದ್ದಿ ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದಾನೆ. ಅಷ್ಟರಲ್ಲಿ ಅವಳೇ ಬರುತ್ತಾಳೆ.

> "ಬಸ್ಸು ಬಂತಾ ರಾಮಣ್ಣ?"
> "ಬಂತು ಸುಶೀಲಕ್ಕ. ಆದ್ರೆ..."
> ಅವಳು ಬಸ್ಸಿನ ಕಡೆ ನೋಡಲಿಲ್ಲ. ಇಳಿದು ಹೋಗುವ ಜನರ ಕಡೆಗೂ ನೋಡಲಿಲ್ಲ. ಅವನ ಟೇಬಲ್ಲಿನ ಸುತ್ತ ಕಣ್ಣಾಡಿಸಿದಳು.
> "ಕೊಡೆ ಬಂತಾ?" ಎಂದಳು.

ಗಂಡ ಬಂದನಾ ಎಂದು ಕೇಳಲಿಲ್ಲ. ಕೊಡೆ ಬಂತಾ ಎಂದಳು. ಕೊಡೆ ಬಂದಿರುವುದು ರಾಮಣ್ಣ, ಮಂಜ, ಪೇಪರ್ ಹುಡುಗನನ್ನು ಬಿಟ್ಟರೆ ಯಾರಿಗೂ ತಿಳಿದಿಲ್ಲ. ಆದರೆ ಅವಳ ಈ ಮಾತು ನಮ್ಮ ಉತ್ತರದ ಹಾಳೆಗೆ ಪೂರ್ತಿ ಹೊಂದುತ್ತದೆ, ಒಂದಕ್ಷರ ಸುಳ್ಳಿಲ್ಲ. ಆ ಮಾತಿನ ನಂತರ ಏನೂ ಬರೆಯಬೇಡಿ. "ರಾಮಣ್ಣ ಬೆಚ್ಚಿಬಿದ್ದ" ಎಂದೂ ಬೇಡ. ಬೆಚ್ಚಿಬೀಳುವ ಕೆಲಸ ಓದುಗರದು.

8. ಕಳಿಸುವ ಮುಂಚೆ

ಕಂತಿನಲ್ಲಿ ಬಂದ ಪ್ರತಿ ಗಂಟೆ, ಪ್ರತಿ ಹೆಸರು, ಪ್ರತಿ ವಸ್ತುವನ್ನು ಒಂದು ಕಡೆ ಬರೆದುಕೊಳ್ಳಿ. ಕೊಡೆಯ ಬಣ್ಣ ಮೊದಲ ಕಂತಿನಲ್ಲಿ ಕಪ್ಪು ಎಂದಿದ್ದರೆ ಐದನೇ ಕಂತಿನಲ್ಲೂ ಕಪ್ಪೇ ಇರಬೇಕು. ಪತ್ತೇದಾರಿ ಓದುವವರು ಪ್ರತಿ ವಿವರವನ್ನೂ ಸುಳಿವು ಎಂದುಕೊಂಡು ಹಿಡಿದಿಟ್ಟುಕೊಳ್ಳುತ್ತಾರೆ. ನಿಮ್ಮ ಮರೆವನ್ನೂ ಸುಳಿವೆಂದೇ ತಿಳಿದು ತಲೆ ಕೆಡಿಸಿಕೊಳ್ಳುತ್ತಾರೆ.

ಆಮೇಲೆ ಇಬ್ಬರಿಗೆ ಓದಲು ಕೊಡಿ. ಒಬ್ಬರು ಹಾಲ್ಟಿಂಗ್ ಬಸ್ಸಿನಲ್ಲಿ ಓಡಾಡಿದವರು ಆಗಿರಲಿ, ಕಂಡಕ್ಟರೇ ಸಿಕ್ಕರೆ ಇನ್ನೂ ಒಳ್ಳೆಯದು. ಅವರನ್ನು ಕತೆ ಹೇಗಿದೆ ಎಂದು ಕೇಳಬೇಡಿ. "ಇದರಲ್ಲಿ ಯಾವುದು ಹೀಗೆ ನಡೆಯೋದಿಲ್ಲ?" ಎಂದು ಕೇಳಿ. ರಾತ್ರಿ ಟಾರ್ಪಾಲು ಯಾರು ಇಳಿಸುತ್ತಾರೆ, ಮರೆತ ಸಾಮಾನು ಸಿಕ್ಕರೆ ಕಂಡಕ್ಟರ್ ಎಲ್ಲಿಡುತ್ತಾನೆ, ಬೆಳಿಗ್ಗೆ ಕೈಮರದಲ್ಲಿ ಎಷ್ಟು ಹೊತ್ತು ಕಾಯುತ್ತಾನೆ ಎನ್ನುವಂಥವು ಅವರಿಂದಲೇ ಸಿಗಬೇಕು.

ಇನ್ನೊಬ್ಬರು ಮಲೆನಾಡು ನೋಡದವರು ಆಗಿರಲಿ. ಅವರು ಓದಿ ಮುಗಿಸಿದ ಮೇಲೆ "ಕೊಡೆ ಬಗ್ಗೆ ಏನು ನೆನಪಿದೆ?" ಎಂದು ಕೇಳಿ. "ಬಸ್ಸಿನಲ್ಲಿ ಮರೆತಿದ್ದ" ಎಂದರೆ ಸರಿಯಾಗಿದೆ. "ಒಣಗಿತ್ತು" ಎಂದು ಅವರೇ ಹೇಳಿದರೆ ಸುಳಿವು ಜಾಸ್ತಿ ಎದ್ದು ಕಾಣುತ್ತಿದೆ, ಪೇಪರಿನ ಕೊನೆಯ ವಾಕ್ಯವನ್ನು ಇನ್ನೂ ಹಗುರ ಮಾಡಿ. ಕೊಡೆಯೇ ನೆನಪಿಲ್ಲ ಎಂದರೆ ಕೊನೆಯ ಮಾತು ಅವರಿಗೆ ತಟ್ಟಿಲ್ಲ. ಆಗ ಕಂತಿನ ಮಧ್ಯೆ ರಾಮಣ್ಣನ ಕೈಗೆ ಇನ್ನೊಂದು ಸಲ ಕೊಡೆ ಕೊಡಿ, ಹಿಡಿಯ ಮೇಲೆ ಶೇಷಪ್ಪ ಚಾಕುವಿನಿಂದ ಕೊರೆದ ತನ್ನ ಹೆಸರಿನ ಮೊದಲ ಅಕ್ಷರವನ್ನು ಅವನು ಬೆರಳಿನಿಂದ ಮುಟ್ಟಿ ನೋಡಲಿ.